ಹತ್ತು ವರ್ಷ ವಾರಂಟಿಯ ಕಲರ್ ಶೀಟು, ಐದನೇ ಮಳೆಗಾಲಕ್ಕೇ ತುಕ್ಕು: ನಾನು ಬರೆದ ಪತ್ರ, ಸಿಕ್ಕ ಪರಿಹಾರ

ತೀರ್ಥಹಳ್ಳಿ ಕಡೆಯ ನಮ್ಮ ಮನೆಯ ತಾರಸಿ ಮೇಲೆ 2019ರ ಮಾರ್ಚ್‌ನಲ್ಲಿ ಕಲರ್ ಶೀಟು ಹಾಕಿಸಿದೆವು. ಒಟ್ಟು 38 ಶೀಟು, ಎಲ್ಲವೂ 12 ಅಡಿ ಉದ್ದ. ಕಬ್ಬಿಣದ ತಗಡಿನ ಮೇಲೆ ಅಲ್ಯೂಮಿನಿಯಂ-ಸತುವಿನ ಲೇಪ, ಅದರ ಮೇಲೆ ಬಣ್ಣ. ಬಣ್ಣ ಏಳುವುದಕ್ಕೂ ತೂತು ಬೀಳುವುದಕ್ಕೂ ಹತ್ತು ವರ್ಷ ವಾರಂಟಿ. ಕಂಪನಿಯ ಹೆಸರು ಇಲ್ಲಿ ಬೇಡ.

2023ರ ಮಳೆ ನಿಂತ ಮೇಲೆ ಎಲೆ ಗುಡಿಸಲು ಮೇಲೆ ಹತ್ತಿದಾಗ ಕೆಲವು ಶೀಟುಗಳಲ್ಲಿ ಬಣ್ಣ ಗುಳ್ಳೆ ಎದ್ದಿತ್ತು. ಉಗುರಿನಲ್ಲಿ ಕೆರೆದರೆ ಚಕ್ಕೆಯಾಗಿ ಏಳುತ್ತಿತ್ತು, ಕೆಳಗೆ ಕೆಂಪು ತುಕ್ಕು. ಅಂಗಡಿಯವರಿಗೆ ಫೋಟೊ ಕಳಿಸಿದೆ. "ಫಿಟ್ಟಿಂಗ್‌ನವರು ಗ್ರೈಂಡರ್ ಹಾಕಿರ್ತಾರೆ ಸಾರ್, ಅದಕ್ಕೆ ವಾರಂಟಿ ಬರಲ್ಲ" ಅಂದರು.

ಆ ಮಾತು ಪೂರ್ತಿ ಸುಳ್ಳೇನಲ್ಲ. ಗ್ರೈಂಡರ್‌ನಲ್ಲಿ ಕೊಯ್ದರೆ ಬಿಸಿಗೆ ಅಂಚಿನ ಲೇಪ ಸುಟ್ಟುಹೋಗುತ್ತದೆ, ಹಾರಿದ ಕಿಡಿ ಬಣ್ಣಕ್ಕೆ ಅಂಟಿ ಅಲ್ಲೇ ತುಕ್ಕು ಹಿಡಿಯುತ್ತದೆ. ಸ್ಕ್ರೂ ಹೊಡೆದಾಗ ಬೀಳುವ ಕಬ್ಬಿಣದ ಪುಡಿಯನ್ನು ಗುಡಿಸದೆ ಬಿಟ್ಟರೂ ಅಷ್ಟೇ. ಹೀಗೆ ಬಂದ ತುಕ್ಕನ್ನು ವಾರಂಟಿಯಿಂದ ಹೊರಗಿಡುವುದು ಸಾಮಾನ್ಯ, ನಮ್ಮ ಕಾರ್ಡಿನಲ್ಲೂ ಹಾಗೇ ಬರೆದಿತ್ತು. ಆದರೆ ಫಿಟ್ಟಿಂಗ್‌ನಿಂದ ಬರುವ ತುಕ್ಕಿಗೆ ಒಂದು ಜಾಗ ಇರುತ್ತದೆ ಅಲ್ವಾ? ಅದು ಕೊಯ್ದ ಅಂಚಿನಲ್ಲಿ, ಸ್ಕ್ರೂ ಸುತ್ತ, ಇಲ್ಲವೇ ಕಿಡಿ ಬಿದ್ದಲ್ಲಿ ಚುಕ್ಕೆಚುಕ್ಕೆಯಾಗಿ ಶುರುವಾಗುತ್ತದೆ. ನಮ್ಮಲ್ಲಿ ಗುಳ್ಳೆ ಎದ್ದಿದ್ದು ಶೀಟಿನ ನಡುಭಾಗದಲ್ಲಿ. ಅಂಚು, ಸ್ಕ್ರೂ ಎರಡೂ ಚೆನ್ನಾಗಿದ್ದವು.

ಇನ್ನೂ ದೊಡ್ಡ ಸಾಕ್ಷಿ ಶೀಟಿನ ಕೆಳಮೈಯಲ್ಲಿತ್ತು. ಅಲ್ಲಿ ಸಾಲಾಗಿ ಕಂಪನಿ ಹೆಸರು, ದಪ್ಪ, ಲೇಪದ ದರ್ಜೆ, ಬ್ಯಾಚ್ ನಂಬರ್ ಅಚ್ಚಾಗಿರುತ್ತದೆ. ತಾರಸಿಯಲ್ಲಿ ಏಣಿ ಇಟ್ಟು ಒಂದೊಂದನ್ನೂ ಓದಿದೆ. ಬಂದಿದ್ದು ಎರಡು ಬ್ಯಾಚಿನ ಮಾಲು. ಗುಳ್ಳೆ ಎದ್ದ 14 ಶೀಟೂ ಒಂದೇ ಬ್ಯಾಚು. ಅದೇ ಫಿಟ್ಟರ್, ಅದೇ ಸ್ಕ್ರೂ, ಅದೇ ಮಳೆ, ಆದರೂ ಪಕ್ಕದ 24 ಶೀಟಿಗೆ ಏನೂ ಆಗಿಲ್ಲ. ಪತ್ರವನ್ನು ಈ ಮಾತಿನ ಮೇಲೇ ನಿಲ್ಲಿಸಿದೆ. ಮುಖ್ಯ ಭಾಗ ಹೀಗಿತ್ತು:

"ಮಾನ್ಯರೇ, ಬಿಲ್ಲಿನ ಪ್ರಕಾರ ಶೀಟುಗಳು ನಿಮ್ಮಲ್ಲೇ 12 ಅಡಿಗೆ ಕತ್ತರಿಸಿ ಬಂದಿವೆ. ಸ್ಥಳದಲ್ಲಿ ಯಾವುದನ್ನೂ ಕೊಯ್ದಿಲ್ಲ. ನಕ್ಷೆಯಲ್ಲಿ ಪ್ರತಿ ಶೀಟಿಗೆ 1ರಿಂದ 38ರವರೆಗೆ ನಂಬರ್ ಕೊಟ್ಟು, ಎದುರಿಗೆ ಬ್ಯಾಚ್ ನಂಬರ್ ಬರೆದಿದ್ದೇನೆ. ಹಾಳಾದ 14 ಶೀಟುಗಳೂ ಒಂದೇ ಬ್ಯಾಚಿನವು. ನಿಮ್ಮ ಎಂಜಿನಿಯರ್ 30 ದಿನದೊಳಗೆ ಬಂದು ನೋಡಬೇಕು. ಅಲ್ಲಿಯವರೆಗೆ ಯಾವ ಶೀಟನ್ನೂ ಬಿಚ್ಚುವುದಿಲ್ಲ, ಬಣ್ಣ ಹೊಡೆಯುವುದಿಲ್ಲ."

ಕೊನೆಯ ವಾಕ್ಯ ಸುಮ್ನೆ ಬರೆದಿದ್ದಲ್ಲ. ಮೇಲೊಂದು ಕೋಟ್ ಹೊಡೆಸಿದರೆ ಅವರು ಪರೀಕ್ಷೆ ಮಾಡಲು ಏನೂ ಉಳಿಯುವುದಿಲ್ಲ.

ಜೊತೆಗೆ ಜಿಎಸ್‌ಟಿ ಬಿಲ್ಲು, ವಾರಂಟಿ ಕಾರ್ಡು, ಫಿಟ್ಟರ್ ಕೊಟ್ಟ ಕೂಲಿ ರಸೀದಿ ಇಟ್ಟೆ. ಕೆಲಸದ ದಿನ ಮಗಳು ತೆಗೆದ ಫೋಟೊಗಳು ಬಹಳ ಉಪಯೋಗಕ್ಕೆ ಬಂದವು. ಸಂಜೆ ಶೀಟಿನ ಮೇಲಿನ ಪುಡಿ ಗುಡಿಸುತ್ತಿರುವುದು ಅದರಲ್ಲಿ ಕಾಣುತ್ತದೆ, ತಾರೀಖೂ ಇದೆ. ಹಾಳಾದ ಶೀಟು ಒಂದೊಂದಕ್ಕೂ ಮೂರು ಫೋಟೊ: ದೂರದಿಂದ ಇಡೀ ಮಾಡು, ಟೇಪು ಹಿಡಿದು ಹತ್ತಿರದಿಂದ ಗುಳ್ಳೆ, ಕೆಳಗಿನಿಂದ ಬ್ಯಾಚ್ ನಂಬರ್. ಮೂರರಲ್ಲೂ ಸೀಮೆಸುಣ್ಣದಲ್ಲಿ ಬರೆದ ಶೀಟಿನ ನಂಬರ್ ಕಾಣಬೇಕು. ಬರೀ ತುಕ್ಕಿನ ಫೋಟೊ ಕಳಿಸಿದರೆ ಅದು ಯಾರ ಮನೆಯ ಶೀಟು ಅಂತಲೂ ಹೇಳಲಾಗದು. ಎಲ್ಲವನ್ನೂ ಸ್ಪೀಡ್ ಪೋಸ್ಟ್‌ನಲ್ಲಿ ಕಂಪನಿಗೇ ಕಳಿಸಿ, ಅಂಗಡಿಗೆ ಒಂದು ಪ್ರತಿ ಕೊಟ್ಟೆ.

ಎಂಜಿನಿಯರ್ ಬಂದರು. ಲೇಪದ ದಪ್ಪ ಅಳೆದು, ಒಂದು ಶೀಟಿನ ತುಂಡು ಕತ್ತರಿಸಿ ಒಯ್ದರು. ಗ್ರೈಂಡರ್ ಮಾತು ಮತ್ತೆ ಬರಲಿಲ್ಲ. ಒಪ್ಪಿಗೆಯ ಪತ್ರ ಬರಲು ಮಾತ್ರ ತಿಂಗಳುಗಟ್ಟಲೆ ಕಾದೆವು. ಬೇಕಾದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುವ ತಯಾರಿಯೂ ಇತ್ತು. ನಾವು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಆದರೆ ದೂರಿಗೆ ಕಾರಣ ಹುಟ್ಟಿದ ಎರಡು ವರ್ಷದೊಳಗೆ ಕೊಡಬೇಕು. ಕಂಪನಿಯ "ನೋಡ್ತೀವಿ" ಮಾತಿಗೆ ಕಾಯುತ್ತಾ ಆ ಅವಧಿ ಕಳೆದುಕೊಳ್ಳಬೇಡಿ. 1915 ಸಹಾಯವಾಣಿಗೂ ಹೇಳಬಹುದು.

ಇನ್ನು ಸಿಕ್ಕಿದ್ದೇನು? ವಾರಂಟಿ ಹತ್ತು ವರ್ಷ ಅಂದರೂ ಹಣ ವರ್ಷವರ್ಷಕ್ಕೂ ಇಳಿಯುತ್ತದೆ. ನಮಗೆ ಐದನೇ ವರ್ಷ ನಡೆಯುತ್ತಿತ್ತು, ಕಾರ್ಡಿನ ಪಟ್ಟಿಯಂತೆ ಅರ್ಧ ಬೆಲೆ. ಅದೂ ಇವತ್ತಿನ ಬೆಲೆಯಲ್ಲ, ಬಿಲ್ಲಿನ ಬೆಲೆ. ಶೀಟಿಗೆ 1,100 ರೂಪಾಯಿಯಂತೆ 14ಕ್ಕೆ 15,400, ಅದರಲ್ಲಿ ಸಿಕ್ಕಿದ್ದು 7,700. ಬಿಚ್ಚಿ ಹಾಕುವ ಕೂಲಿ, ಸ್ಕ್ರೂ, ಗಾಡಿ ಬಾಡಿಗೆ ಎಲ್ಲ ನಮ್ಮದೇ. ತಪ್ಪು ಅವರ ಮಾಲಿನದ್ದು ಅಂತ ಒಪ್ಪಿದ ಮೇಲೂ ಕೂಲಿ ಕೊಡದಿರುವುದು ನನಗೆ ಅನ್ಯಾಯ ಅನಿಸುತ್ತದೆ. ಇದನ್ನು ಕಾರ್ಡಿನಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ, ಕೊಳ್ಳುವಾಗ ಯಾರೂ ಹೇಳುವುದಿಲ್ಲ.

ಚೆನ್ನಾಗಿರುವ 24 ಶೀಟು ಈಗಲೂ ಗಟ್ಟಿಯಾಗಿವೆ, ಸದ್ದು ಬಿಟ್ಟರೆ ದೂರಿಲ್ಲ. ಹಾಗಾಗಿ ಶೀಟಿಗೆ ಐದರಲ್ಲಿ ಮೂರು, ವಾರಂಟಿ ಸೇವೆಗೆ ಎರಡು. ಈ ಶೀಟು ತಗೊಳ್ಳುವವರು ಬ್ಯಾಚ್ ನಂಬರನ್ನು ಬಿಲ್ಲಿನಲ್ಲೇ ಬರೆಸಿಕೊಳ್ಳಿ, ಮಾಲು ಗಾಡಿಯಿಂದ ಇಳಿಯುವಾಗಲೇ ಕೆಳಮೈಯ ಫೋಟೊ ತೆಗೆಯಿರಿ. ಕೆಳಗೆ ಸೀಲಿಂಗ್ ಹೊಡೆದ ಮೇಲೆ ಆ ಅಕ್ಷರ ಓದಲು ಆಗುವುದಿಲ್ಲ.