ಡ್ರೈಯರ್ ಶೆಡ್ಡಿನ 44 ಡಿಗ್ರಿ ಸೆಕೆಯಲ್ಲಿ ಥರ್ಮೋಕಪಲ್: ಕೋಲ್ಡ್ ಜಂಕ್ಷನ್ ಸರಿದೂಗಿಸುವ ನಾಲ್ಕು ವಿಧಾನಗಳ ಹೋಲಿಕೆ

ಗಂಗಾವತಿಯ ಒಂದು ಅಕ್ಕಿ ಗಿರಣಿಯಲ್ಲಿ, ಬೇಯಿಸಿದ ಭತ್ತವನ್ನು ಒಣಗಿಸುವ ಡ್ರೈಯರ್‌ಗೆ ಹೋಗುವ ಬಿಸಿಗಾಳಿಯನ್ನು ಕೆ ಮಾದರಿಯ ಥರ್ಮೋಕಪಲ್ ಅಳೆಯುತ್ತದೆ. ಗಾಳಿಯನ್ನು 90 ಡಿಗ್ರಿಯ ಆಸುಪಾಸಿನಲ್ಲಿ ಇಟ್ಟುಕೊಳ್ಳುವುದು ಅಲ್ಲಿನ ರೂಢಿ. ಮೇ ತಿಂಗಳ ಒಂದು ದಿನ ಅಲ್ಲಿನ ಆಪರೇಟರ್ ನನ್ನನ್ನು ಕರೆಸಿ, “ಮುಂಜಾನಿ ಮೀಟರ್ ಸರಿ ತೋರಸ್ತೈತ್ರಿ ಸರ, ಮಧ್ಯಾಹ್ನ ಆತಂದ್ರ ತಾನ ಇಳೀತೈತ್ರಿ” ಎಂದರು. ಮೀಟರ್ ಇಳಿದಾಗ ಅವರು ಕುಲುಮೆಗೆ ಹೊಟ್ಟು ಹೆಚ್ಚಿಸಿ ಅದನ್ನು ಮತ್ತೆ 90ಕ್ಕೆ ತರುತ್ತಿದ್ದರು. ಹೀಗೆ ಮಾಡಿದ ದಿನಗಳಲ್ಲಿ ಅಕ್ಕಿಯಲ್ಲಿ ನುಚ್ಚು ಹೆಚ್ಚಾಗುತ್ತಿತ್ತು. ಥರ್ಮೋಕಪಲ್ ಕೆಟ್ಟಿರಬೇಕೆಂದು ಅದಾಗಲೇ ಎರಡು ಬಾರಿ ಬದಲಾಯಿಸಿದ್ದರೂ ಫಲವಾಗಿರಲಿಲ್ಲ.

ದೋಷ ಇದ್ದದ್ದು ತಂತಿಯ ಇನ್ನೊಂದು ತುದಿಯಲ್ಲಿ. ಅದನ್ನು ಪತ್ತೆ ಹಚ್ಚಲು ಎರಡು ನಿಮಿಷ ಸಾಕಾಯಿತು. ಮೀಟರ್‌ನ ಟರ್ಮಿನಲ್‌ನಿಂದ ಥರ್ಮೋಕಪಲ್ ತಂತಿಗಳನ್ನು ಬಿಡಿಸಿ, ಆ ಎರಡು ತಿರುಪುಗಳ ನಡುವೆ ತಾಮ್ರದ ತಂತಿಯ ಒಂದು ತುಂಡನ್ನು ಹಾಕಿದೆ. ಆಗ ಒಳಗೆ ಹೋಗುವ ವೋಲ್ಟೇಜ್ ಸೊನ್ನೆ. ಸರಿಯಾಗಿರುವ ಮೀಟರ್ ಆಗ ತನ್ನ ಟರ್ಮಿನಲ್ ಎಷ್ಟು ಬಿಸಿಯಾಗಿದೆಯೋ ಅಷ್ಟನ್ನು ತೋರಿಸಬೇಕು. ಪ್ಯಾನೆಲ್ ಒಳಗೆ 44 ಡಿಗ್ರಿ ಇತ್ತು, ಮೀಟರ್ ಮಾತ್ರ 25 ತೋರಿಸಿತು. ಮರುದಿನ ಬೆಳಗಿನ ಜಾವ ಪ್ಯಾನೆಲ್ 27 ಡಿಗ್ರಿ ಇದ್ದಾಗಲೂ ಅದೇ 25. ಹಾಗಾದರೆ ಆ ಮೀಟರ್ ತನ್ನ ಟರ್ಮಿನಲ್‌ನ ಬಿಸಿಯನ್ನು ಅಳೆಯುತ್ತಲೇ ಇರಲಿಲ್ಲ; ಸದಾ 25 ಎಂದೇ ಲೆಕ್ಕ ಹಾಕುತ್ತಿತ್ತು.

ಟರ್ಮಿನಲ್‌ನ ಬಿಸಿ ಏಕೆ ಬೇಕು ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಎರಡು ಲೋಹಗಳನ್ನು ಬೆಸೆದ ಆ ಮಣಿಯಲ್ಲಿಯೇ ವೋಲ್ಟೇಜ್ ಹುಟ್ಟುತ್ತದೆ ಎಂಬ ಮಾತು ನಮ್ಮಲ್ಲಿ ಬಹಳ ಚಾಲ್ತಿಯಲ್ಲಿದೆ. ವೋಲ್ಟೇಜ್ ಹುಟ್ಟುವುದು ಮಣಿಯಲ್ಲಲ್ಲ, ತಂತಿಯ ಉದ್ದಕ್ಕೂ. ಯಾವುದೇ ಲೋಹದ ತಂತಿಯ ಒಂದು ತುದಿ ಬಿಸಿಯಾಗಿ ಇನ್ನೊಂದು ತುದಿ ತಣ್ಣಗಿದ್ದರೆ, ಬಿಸಿ ಇಳಿಯುತ್ತ ಹೋಗುವ ಆ ಭಾಗದಲ್ಲಿ ಒಂದು ಸಣ್ಣ ವೋಲ್ಟೇಜ್ ಏರ್ಪಡುತ್ತದೆ. ಅದು ಎಷ್ಟೆಂಬುದು ಲೋಹದಿಂದ ಲೋಹಕ್ಕೆ ಬೇರೆ. 1821ರಲ್ಲಿ ಸೀಬೆಕ್ ಗಮನಿಸಿದ ಪರಿಣಾಮದ ಬೇರು ಇದೇ. ಕೆ ಮಾದರಿಯ ಥರ್ಮೋಕಪಲ್‌ನ ಕ್ರೋಮೆಲ್ ತಂತಿಯೂ ಅಲ್ಯುಮೆಲ್ ತಂತಿಯೂ ಡ್ರೈಯರ್‌ನಿಂದ ಪ್ಯಾನೆಲ್‌ವರೆಗೆ ಒಂದೇ ಇಳಿಜಾರನ್ನು ಇಳಿದು ಬರುತ್ತವೆ, ಆದರೆ ಎರಡರಲ್ಲಿ ಏರ್ಪಡುವ ವೋಲ್ಟೇಜ್ ಬೇರೆಬೇರೆ. ಅವುಗಳ ವ್ಯತ್ಯಾಸ ನಮ್ಮ ಕೈಗೆ ಸಿಗುತ್ತದೆ. ಮಣಿಯ ಕೆಲಸ ಎರಡು ತಂತಿಗಳನ್ನು ಅಲ್ಲಿ ಕೂಡಿಸುವುದಷ್ಟೇ. ಹೀಗಾಗಿ ಸಿಗುವ ವೋಲ್ಟೇಜ್ ಮಣಿಗೂ ಟರ್ಮಿನಲ್‌ಗೂ ನಡುವಿನ ಬಿಸಿಯ ಅಂತರವನ್ನು ಹೇಳುತ್ತದೆಯೇ ಹೊರತು ಮಣಿಯ ಬಿಸಿಯನ್ನಲ್ಲ. ಟರ್ಮಿನಲ್ ಕಡೆಯ ಈ ತುದಿಗೇ ಕೋಲ್ಡ್ ಜಂಕ್ಷನ್ ಎಂದು ಹೆಸರು. ಒಳ್ಳೆಯ ತಂತಿಯ ನಡುಭಾಗಕ್ಕೆ ಲೈಟರ್ ಹಿಡಿದು ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ: ಜ್ವಾಲೆಯ ಕಡೆಗೆ ಏರಿದಷ್ಟನ್ನೇ ತಂತಿ ಆಚೆ ಇಳಿಯುವುದರಿಂದ ಮೀಟರ್ ಅಲುಗುವುದಿಲ್ಲ.

ಈ ಅಂತರದಿಂದ ಮಣಿಯ ನಿಜವಾದ ಬಿಸಿಯನ್ನು ಪಡೆಯಲು ನನಗೆ ತೋಚಿದ ನಾಲ್ಕು ವಿಧಾನಗಳನ್ನು ಅದೇ ಶೆಡ್ಡಿನಲ್ಲಿ, ಅದೇ ಥರ್ಮೋಕಪಲ್‌ನೊಂದಿಗೆ ಪರೀಕ್ಷಿಸಿದೆ. ಮಣಿಯನ್ನು ಕುದಿಯುವ ನೀರಿನಲ್ಲಿ ಇಳಿಬಿಟ್ಟೆ. ಗಂಗಾವತಿ ಸಮುದ್ರಮಟ್ಟದಿಂದ ಸುಮಾರು 400 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು 100ಕ್ಕಲ್ಲ, ಸುಮಾರು 98.6 ಡಿಗ್ರಿಗೆ ಕುದಿಯುತ್ತದೆ. ಇದನ್ನು ಮರೆತರೆ ಸರಿಯಾದ ಉಪಕರಣದ ಮೇಲೆಯೇ ಒಂದೂವರೆ ಡಿಗ್ರಿಯ ಅಪವಾದ ಬರುತ್ತದೆ. ಇನ್ನೊಂದು ತುದಿ 44 ಡಿಗ್ರಿಯ ಟರ್ಮಿನಲ್‌ನಲ್ಲಿ. ಮಲ್ಟಿಮೀಟರ್ ತೋರಿಸಿದ್ದು 2.26 ಮಿಲಿವೋಲ್ಟ್.

ಮೊದಲನೆಯದು ಮಂಜುಗಡ್ಡೆಯ ಫ್ಲಾಸ್ಕ್. ತಂತಿಗಳ ಕೊನೆಯನ್ನು ತಾಮ್ರಕ್ಕೆ ಸೇರಿಸುವ ಎರಡು ಗಂಟುಗಳನ್ನು ಎಣ್ಣೆ ಹಾಕಿದ ತೆಳು ಗಾಜಿನ ನಳಿಗೆಗಳಲ್ಲಿಟ್ಟು ಫ್ಲಾಸ್ಕ್‌ಗೆ ಇಳಿಸಿದಾಗ, ಆ ತುದಿ ನಿಜವಾಗಿಯೇ ಸೊನ್ನೆ ಡಿಗ್ರಿಯಲ್ಲಿ ಇರುತ್ತದೆ. ಮಿಲಿವೋಲ್ಟನ್ನು ಡಿಗ್ರಿಗೆ ಬದಲಿಸುವ ಕೋಷ್ಟಕಗಳನ್ನೆಲ್ಲ ಬರೆದಿರುವುದು ಸೊನ್ನೆಯನ್ನು ಆಧಾರವಾಗಿಟ್ಟುಕೊಂಡೇ ಆದ್ದರಿಂದ ಯಾವ ಲೆಕ್ಕವೂ ಬೇಡ. ನನಗೆ 4.04 ಮಿಲಿವೋಲ್ಟ್ ಬಂತು, ಕೋಷ್ಟಕದಲ್ಲಿ ಅದು 98.6 ಡಿಗ್ರಿ. ಆದರೆ ಮೊದಲ ಪ್ರಯತ್ನದಲ್ಲಿ ನಾಲ್ಕು ಡಿಗ್ರಿಯಷ್ಟು ಕಡಿಮೆ ಬಂದಿತ್ತು. ದೊಡ್ಡ ತುಂಡುಗಳು ಮೇಲೆ ತೇಲುತ್ತಿದ್ದವು, ನಳಿಗೆಗಳು ತಳದ ಬರೀ ನೀರಿನಲ್ಲಿದ್ದವು. ನೀರು ಅತ್ಯಂತ ಸಾಂದ್ರವಾಗಿರುವುದು 4 ಡಿಗ್ರಿಯಲ್ಲಾದ್ದರಿಂದ ಆ ನೀರೇ ತಳಕ್ಕೆ ಸೇರುತ್ತದೆ. ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ಕುಟ್ಟಿ ಪುಡಿ ಮಾಡಿ, ತಳದವರೆಗೂ ಒತ್ತಿ ತುಂಬಿ, ಎಡೆಗಳು ತುಂಬುವಷ್ಟೇ ಶುದ್ಧ ನೀರು ಹಾಕಿ, ಹೆಚ್ಚಾದದ್ದನ್ನು ಬಸಿದ ಮೇಲೆ ಅಂಕಿ ನಿಂತಿತು. ಡ್ರೈಯರ್ ಪಕ್ಕದಲ್ಲಿ ಇದನ್ನು ದಿನವೂ ನಡೆಸಲಾಗದು. ಉಳಿದ ಮೂರನ್ನು ಅಳೆಯುವ ಒರೆಗಲ್ಲಾಗಿ ಮಾತ್ರ ಇಟ್ಟುಕೊಂಡೆ.

ಎರಡನೆಯದು, ಕೋಣೆಯ ಬಿಸಿ ಇಷ್ಟೇ ಎಂದು ಒಂದು ಸ್ಥಿರ ಅಂಕಿಯನ್ನು ಕೂಡಿಸುವುದು. ಕೆಟ್ಟ ಮೀಟರ್ ಮಾಡುತ್ತಿದ್ದದ್ದು ಇದನ್ನೇ. ಕೆ ಮಾದರಿಗೆ 25 ಡಿಗ್ರಿಯ ಪಾಲು 1.00 ಮಿಲಿವೋಲ್ಟ್. ಅದನ್ನು 2.26ಕ್ಕೆ ಕೂಡಿಸಿದರೆ 3.26, ಅಂದರೆ ಸುಮಾರು 80 ಡಿಗ್ರಿ. ನಿಜಕ್ಕಿಂತ 19 ಡಿಗ್ರಿ ಕಡಿಮೆ. ಆಪರೇಟರ್ ಮಧ್ಯಾಹ್ನ ಮೀಟರನ್ನು 90ಕ್ಕೆ ಏರಿಸಿದಾಗ ಭತ್ತಕ್ಕೆ ತಾಗುತ್ತಿದ್ದ ಗಾಳಿ ಸುಮಾರು 109 ಡಿಗ್ರಿ ಇತ್ತೆಂದು ಇದರಿಂದ ತಿಳಿಯುತ್ತದೆ, ನುಚ್ಚಿನ ಕಾರಣವೂ ತಿಳಿಯುತ್ತದೆ. ಹವಾನಿಯಂತ್ರಿತ ಕೋಣೆಯಲ್ಲಿ ಈ ವಿಧಾನ ನಡೆದೀತು. ಬೆಳಗ್ಗೆ 27, ಮಧ್ಯಾಹ್ನ 44 ಆಗುವ ನಮ್ಮ ಶೆಡ್ಡುಗಳಿಗೆ ಇದು ಸಲ್ಲದು.

ಇಲ್ಲಿಯೇ ಇನ್ನೊಂದು ಮಾತು. ಕೂಡಿಸಬೇಕಾದದ್ದು ಮಿಲಿವೋಲ್ಟ್‌ಗಳನ್ನು, ಡಿಗ್ರಿಗಳನ್ನಲ್ಲ. 2.26 ಮಿಲಿವೋಲ್ಟನ್ನು ಕೋಷ್ಟಕದಲ್ಲಿ ನೋಡಿ ಸುಮಾರು 55.8 ಡಿಗ್ರಿ ಎಂದು ತೆಗೆದುಕೊಂಡು, ಅದಕ್ಕೆ 44 ಕೂಡಿಸಿದರೆ 99.8 ಬರುತ್ತದೆ, ಒಂದು ಡಿಗ್ರಿಗಿಂತ ಹೆಚ್ಚು ತಪ್ಪು. 44 ಡಿಗ್ರಿಯ ಪಾಲಾದ 1.78 ಮಿಲಿವೋಲ್ಟನ್ನು ಮೊದಲು ಕೂಡಿಸಿ, ಬಂದ 4.04ನ್ನು ಕೋಷ್ಟಕದಲ್ಲಿ ನೋಡಿದಾಗ ಮಾತ್ರ 98.6 ಸಿಗುತ್ತದೆ. ಪ್ರತಿ ಡಿಗ್ರಿಗೆ ಸಿಗುವ ವೋಲ್ಟೇಜ್ ಎಲ್ಲ ಬಿಸಿಯಲ್ಲೂ ಒಂದೇ ಆಗಿರದಿರುವುದೇ ಇದಕ್ಕೆ ಕಾರಣ.

ಮೂರನೆಯದು MAX31855 ಚಿಪ್ ಇರುವ ಸಣ್ಣ ಬೋರ್ಡ್. ಈ ಚಿಪ್ ತನ್ನದೇ ಬಿಸಿಯನ್ನು ಅಳೆದು, ಅದನ್ನೇ ಟರ್ಮಿನಲ್‌ನ ಬಿಸಿಯೆಂದು ಭಾವಿಸಿ ಕೂಡಿಸುತ್ತದೆ. ಬೆಲೆ ಕಡಿಮೆ, ಜೋಡಿಸುವುದು ಸುಲಭ. ಬೋರ್ಡನ್ನು ಒಂಟಿಯಾಗಿ ಇಟ್ಟಾಗ ಕುದಿಯುವ ನೀರಿಗೆ 99 ತೋರಿಸಿತು. ತೊಡಕು ಬಂದದ್ದು ಪೆಟ್ಟಿಗೆಯೊಳಗೆ ಹಾಕಿದ ಮೇಲೆ. ನಾನು ಅದನ್ನು ವಿದ್ಯುತ್ ಪೂರೈಕೆಯ ರೆಗ್ಯುಲೇಟರ್ ಪಕ್ಕದಲ್ಲಿ ಕೂರಿಸಿದ್ದೆ. ಅರ್ಧ ಗಂಟೆಯಲ್ಲಿ ಚಿಪ್ ತಿರುಪುಗಳಿಗಿಂತ ಆರು ಡಿಗ್ರಿ ಹೆಚ್ಚು ಬಿಸಿಯಾಯಿತು, ಮಣಿಯ ಅಂಕಿಯೂ ಆರು ಡಿಗ್ರಿ ಮೇಲೇರಿತು. ಈ ಚಿಪ್ ತನ್ನ ಒಳಬಿಸಿಯನ್ನೂ ಓದಲು ಕೊಡುವುದರಿಂದ, ಅದನ್ನು ಟರ್ಮಿನಲ್‌ಗೆ ತಾಗಿಸಿದ ಥರ್ಮಾಮೀಟರ್‌ನೊಂದಿಗೆ ಹೋಲಿಸಿ ದೋಷವನ್ನು ಹಿಡಿಯಬಹುದು. ಅದಲ್ಲದೆ ಅದು ಕೋಷ್ಟಕವನ್ನು ಅನುಸರಿಸದೆ ಡಿಗ್ರಿಗೆ 41.276 ಮೈಕ್ರೋವೋಲ್ಟ್ ಎಂಬ ಒಂದೇ ದರದಲ್ಲಿ ಲೆಕ್ಕ ಹಾಕುತ್ತದೆ. ನಮ್ಮ 90 ಡಿಗ್ರಿಗೆ ಇದರಿಂದ ಹೆಚ್ಚು ವ್ಯತ್ಯಾಸ ಆಗದು, ಆದರೆ ಹೊಟ್ಟಿನ ಕುಲುಮೆಯ ಹೊಗೆನಾಳದಲ್ಲಿ 250 ಡಿಗ್ರಿ ಇದ್ದಾಗ, ಟರ್ಮಿನಲ್ 44ರಲ್ಲಿದ್ದರೆ, ಮೂರು ಡಿಗ್ರಿ ಕಡಿಮೆ ತೋರಿಸುತ್ತದೆ. ಮಣಿಯನ್ನು ಕವಚಕ್ಕೇ ಬೆಸೆದ ಥರ್ಮೋಕಪಲ್ ಡ್ರೈಯರ್‌ನ ಲೋಹಕ್ಕೆ ತಾಗಿದರೆ ಈ ಚಿಪ್ ಅದನ್ನು ದೋಷವೆಂದು ಎಣಿಸಿ ಅಂಕಿ ಕೊಡುವುದನ್ನೇ ನಿಲ್ಲಿಸಬಹುದು. ಮಣಿ ಕವಚದಿಂದ ಬೇರೆಯಾಗಿರುವುದನ್ನೇ ಕೊಳ್ಳಬೇಕು.

ನಾಲ್ಕನೆಯದನ್ನು ನಾನು ಕೊನೆಗೆ ಆರಿಸಿಕೊಂಡೆ. ಟರ್ಮಿನಲ್‌ನ ಎರಡು ತಿರುಪುಗಳ ಕೆಳಗೆ ಬೆರಳಗಲದ ಅಲ್ಯುಮಿನಿಯಂ ಪಟ್ಟಿಯನ್ನು, ನಡುವೆ ತೆಳುವಾದ ಅಭ್ರಕದ ಹಾಳೆ ಇಟ್ಟು, ಬಿಗಿದೆ. ಪಟ್ಟಿಗೆ ಕೊರೆದ ರಂಧ್ರದಲ್ಲಿ, ಪ್ಲಾಟಿನಂನ ವಿದ್ಯುತ್ ರೋಧದಿಂದ ಬಿಸಿಯನ್ನು ಅಳೆಯುವ ಒಂದು ಪಿಟಿ-100 ಸೆನ್ಸರ್. ತಿರುಪುಗಳೂ ಸೆನ್ಸರೂ ಒಂದೇ ಬಿಸಿಯಲ್ಲಿರುವಂತೆ ನೋಡಿಕೊಳ್ಳುವುದೇ ಇಲ್ಲಿನ ಇಡೀ ಜಾಣತನ. ಲೆಕ್ಕ ಎರಡು ಸಾಲು, t_block ಎಂದರೆ ಪಿಟಿ-100 ಅಳೆದ ಪಟ್ಟಿಯ ಬಿಸಿ, ಕೋಷ್ಟಕದ ಎರಡೂ ದಿಕ್ಕಿನ ಓದು ಮಾತ್ರ ಬೇರೆ ಬರೆದಿಡಬೇಕು:

```
v = read_tc_uV() + k_uV(t_block)
t = k_temp(v)
```

ಬೆಳಗಿನ 27ರಲ್ಲೂ ಮಧ್ಯಾಹ್ನದ 44ರಲ್ಲೂ ಕುದಿಯುವ ನೀರಿಗೆ ಇದು ಕೊಟ್ಟ ಅಂಕಿಗಳು ಫ್ಲಾಸ್ಕ್‌ನ ಅಂಕಿಯಿಂದ ಅರ್ಧ ಡಿಗ್ರಿಯೊಳಗೇ ಇದ್ದವು. ಪಿಟಿ-100ನ್ನು ಹೇಗೂ ತರುವುದಾದರೆ ಅದನ್ನೇ ನೇರವಾಗಿ ಗಾಳಿಯಲ್ಲಿ ಇಡಬಹುದಲ್ಲವೇ ಎಂದು ಮಾಲೀಕರು ಕೇಳಿದರು. ಪ್ರಶ್ನೆ ನ್ಯಾಯವಾದದ್ದು, ಬರೀ 90 ಡಿಗ್ರಿಯ ಗಾಳಿಗಾದರೆ ನಾನೂ ಅದನ್ನೇ ಹೇಳುತ್ತಿದ್ದೆ, ಅದಕ್ಕೆ ಕೋಲ್ಡ್ ಜಂಕ್ಷನ್ನಿನ ಗೊಡವೆಯೇ ಇಲ್ಲ. ಅವರಲ್ಲಿ ಹೊಗೆನಾಳಕ್ಕೂ ಡ್ರೈಯರ್‌ಗೂ ಒಂದೇ ಬಗೆಯ ಥರ್ಮೋಕಪಲ್ ದಾಸ್ತಾನು ಇದ್ದುದರಿಂದ ಇದನ್ನೇ ಉಳಿಸಿಕೊಂಡೆವು.

ಹೊಸ ಪೆಟ್ಟಿಗೆ ಕೂರಿಸಿದ ಮೇಲೂ ಒಂದು ಮಧ್ಯಾಹ್ನ ಅಂಕಿ 16 ಡಿಗ್ರಿ ಇಳಿದಿತ್ತು. ತಾಮ್ರದ ತುಂಡು ಹಾಕಿ ನೋಡಿದರೆ ಪೆಟ್ಟಿಗೆ 44 ಎಂದು ಸರಿಯಾಗಿಯೇ ಹೇಳಿತು. ತಂತಿಯ ಹಾದಿ ಹಿಡಿದು ಹೋದಾಗ, ಡ್ರೈಯರ್ ಮೈಗೆ ಅಂಟಿದ ಜಂಕ್ಷನ್ ಪೆಟ್ಟಿಗೆಯಿಂದ ಪ್ಯಾನೆಲ್‌ವರೆಗೆ ಯಾರೋ ಮೋಟಾರ್‌ಗೆ ಎಳೆದು ಉಳಿದಿದ್ದ ತಾಮ್ರದ ಕೇಬಲ್ ಹಾಕಿದ್ದರು. ಹಾಗಾಗಿ ಕ್ರೋಮೆಲ್ ಮತ್ತು ಅಲ್ಯುಮೆಲ್ ಕೊನೆಗೊಳ್ಳುತ್ತಿದ್ದದ್ದು 60 ಡಿಗ್ರಿ ಕಾದ ಆ ಪೆಟ್ಟಿಗೆಯಲ್ಲಿ, ನಾವು ಅಳೆದು ಕೂಡಿಸುತ್ತಿದ್ದದ್ದು 44 ಡಿಗ್ರಿಯ ಪ್ಯಾನೆಲನ್ನು. ಎರಡೂ ತಂತಿ ತಾಮ್ರವೇ ಆದ್ದರಿಂದ 60ರಿಂದ 44ಕ್ಕೆ ಇಳಿಯುವ ಆ ದಾರಿಯಲ್ಲಿ ವ್ಯತ್ಯಾಸದ ವೋಲ್ಟೇಜ್ ಹುಟ್ಟದು. ಅಷ್ಟು ಡಿಗ್ರಿ ಲೆಕ್ಕದಿಂದ ಬಿಟ್ಟೇ ಹೋಗುತ್ತದೆ. ಕೆ ಮಾದರಿಯ ಕೇಬಲನ್ನೇ, ಧನ ಋಣ ತಪ್ಪದಂತೆ, ಪ್ಯಾನೆಲ್‌ವರೆಗೆ ಎಳೆದೆವು. ಅಲ್ಯುಮೆಲ್ ತಂತಿ ಅಯಸ್ಕಾಂತಕ್ಕೆ ಅಂಟುತ್ತದೆ, ಕ್ರೋಮೆಲ್ ಅಂಟುವುದಿಲ್ಲ. ಬಣ್ಣ ಮಾಸಿದ ಹಳೆಯ ತಂತಿಗಳಲ್ಲಿ ಋಣ ಯಾವುದೆಂದು ಆಪರೇಟರ್ ಈಗ ಹಾಗೆಯೇ ಗುರುತಿಸುತ್ತಾರೆ.