ಮುಗಿದ ಚಾರ್ಟಿನ ಮೇಲೆ ಗೆರೆ ಎಳೆದು ಕಲಿಸುವವರಿದ್ದಾರೆ, ಎಚ್ಚರ

ಮಂಗಳೂರಿನ ಹಂಪನಕಟ್ಟೆ ಬಳಿ ನಾನು ಶುಲ್ಕ ಕಟ್ಟಿ ಸೇರಿದ್ದ ಷೇರು ವಹಿವಾಟಿನ ತರಗತಿ ಈಗ ಉಡುಪಿಯಲ್ಲೂ ಶುರುವಾಗುತ್ತಿದೆಯಂತೆ. ಸೇರುವ ಮೊದಲು ಇದನ್ನು ಓದಿ.

ಅವರು ಕಲಿಸುವ ಪಾಠ ಸುಳ್ಳಲ್ಲ. ಬೆಲೆ ಪ್ರತಿ ಸಲ ಹಿಂದಿನ ಶಿಖರವನ್ನು ದಾಟುತ್ತಾ, ಇಳಿದಾಗಲೂ ಹಿಂದಿನ ತಗ್ಗಿಗಿಂತ ಮೇಲೆಯೇ ನಿಂತರೆ ಅದು ಹೈಯರ್ ಹೈ, ಹೈಯರ್ ಲೋ, ಅಂದರೆ ಏರುಮುಖ. ಶಿಖರ ದಾಟಿದರೆ ಬ್ರೇಕ್ ಆಫ್ ಸ್ಟ್ರಕ್ಚರ್, ಏರಿಕೆ ಮುಂದುವರಿದಿದೆ. ಕೊನೆಯ ಹೈಯರ್ ಲೋ ಮುರಿದರೆ ಚೇಂಜ್ ಆಫ್ ಕ್ಯಾರೆಕ್ಟರ್, ದಿಕ್ಕು ಬದಲಾಗಬಹುದೆಂಬ ಸೂಚನೆ. ಮೋಸ ನಡೆಯುವುದು ಆ ‘ಕೊನೆಯ ಹೈಯರ್ ಲೋ’ ಯಾವುದು ಎಂಬಲ್ಲಿ.

ಅಂದು ಹದಿನೈದು ನಿಮಿಷದ ಚಾರ್ಟಿನಲ್ಲಿ ಷೇರೊಂದು 500ರ ಶಿಖರದಿಂದ 490ಕ್ಕೆ ಇಳಿದು, ಅಲ್ಲಿಂದ 512ಕ್ಕೆ ಏರಿತ್ತು. ಏರುವ ದಾರಿಯಲ್ಲಿ 506ರಲ್ಲಿ ಒಂದು ಪುಟ್ಟ ತಗ್ಗು. 500ನ್ನು ಮುರಿದ ಏರಿಕೆ ಹೊರಟದ್ದು 490ರಿಂದ. ಆದ್ದರಿಂದ ರಚನೆಯನ್ನು ಹೊತ್ತಿರುವ ಕೊನೆಯ ಹೈಯರ್ ಲೋ ಅದೇ. ಬೆಲೆ 506ರ ಕೆಳಗೆ ಇಳಿಯುತ್ತಲೇ ನಮ್ಮ ಶಿಕ್ಷಕರು ಚೇಂಜ್ ಆಫ್ ಕ್ಯಾರೆಕ್ಟರ್ ಎಂದು ಘೋಷಿಸಿ, ಬೆಲೆ ಇಳಿದ ಮೇಲೆ ಮರಳಿ ಕೊಳ್ಳುವ ಲೆಕ್ಕದಲ್ಲಿ 503ರಲ್ಲಿ ಮಾರಿಸಿದರು. ಲೆಕ್ಕ ತಪ್ಪಿದರೆ ನಷ್ಟದಲ್ಲೇ ಹೊರಬರುವ ಬೆಲೆ, ಅಂದರೆ ಸ್ಟಾಪ್ ಲಾಸ್, 512ರ ಮೇಲೆ. ಬೆಲೆ 497ರವರೆಗೆ ಇಳಿದು ತಿರುಗಿ 516ಕ್ಕೆ ಹೋಯಿತು. 490ರ ಹತ್ತಿರವೂ ಸುಳಿಯಲಿಲ್ಲ. ನನ್ನ ಜೊತೆ ಕುಳಿತಿದ್ದ ಹಲವರ ದುಡ್ಡು ಆ ಮಧ್ಯಾಹ್ನ ಕರಗಿತು.

ಮರುದಿನ ಅದೇ ಚಾರ್ಟನ್ನು ತೆರೆದಾಗ 506ರ ಗುರುತು ಅಳಿಸಿಹೋಗಿತ್ತು. 497ರ ಪಕ್ಕ ‘ಹೈಯರ್ ಲೋ’, 512ರ ಮೇಲೆ ‘ಬ್ರೇಕ್ ಆಫ್ ಸ್ಟ್ರಕ್ಚರ್’ ಎಂದು ಬರೆದಿತ್ತು, ಮೊದಲೇ ತಿಳಿದಿತ್ತೆಂಬಂತೆ! ಕೇಳಿದವರಿಗೆ ಉತ್ತರ ಸಿಗಲಿಲ್ಲ, ಶುಲ್ಕವೂ ಮರಳಲಿಲ್ಲ.

ಮುಗಿದ ಚಾರ್ಟು ಯಾವಾಗಲೂ ಹೀಗೆ ಚೊಕ್ಕಟವಾಗಿಯೇ ಕಾಣುತ್ತದೆ. ಚಾರ್ಟಿನಲ್ಲಿ ಒಂದೊಂದು ಅವಧಿಯ ಬೆಲೆ ತೋರಿಸುವ ಕಡ್ಡಿಯೇ ಕ್ಯಾಂಡಲ್. ಒಂದು ಕ್ಯಾಂಡಲ್‌ನ ಎರಡೂ ಬದಿಯಲ್ಲಿ ಅದಕ್ಕಿಂತ ತಗ್ಗಾದ ಎರಡೆರಡು ಕ್ಯಾಂಡಲ್ ಇದ್ದರೆ ಅದು ಶಿಖರ ಎಂದು ಲೆಕ್ಕ ಹಿಡಿಯಿರಿ: ಹದಿನೈದು ನಿಮಿಷದ ಚಾರ್ಟಿನಲ್ಲಿ ಅದು ಖಚಿತವಾಗಲು ಇನ್ನೂ ಅರ್ಧ ಗಂಟೆ ಬೇಕು. ಗುರುತು ಮಾತ್ರ ಹಿಂದಿನ ಕ್ಯಾಂಡಲ್ ಮೇಲೆಯೇ ಕೂರುತ್ತದೆ. ಇಂಡಿಕೇಟರ್‌ಗಳು ತಾವಾಗಿ ಹಾಕುವ ಗುರುತುಗಳಲ್ಲೂ ಈ ತಡ ಸಾಮಾನ್ಯ.

ಒಂದು ವೇಳೆ ಅಂದು ಕ್ಯಾಂಡಲ್ 490ರ ಕೆಳಗೇ ಮುಗಿದಿದ್ದರೂ ಅದು ಮೊದಲ ಸೂಚನೆ ಮಾತ್ರ ಆಗಿರುತ್ತಿತ್ತು. ನಂತರದ ಏರಿಕೆ 512ರ ಕೆಳಗೇ ಸೋತು, ಬೆಲೆ ಮತ್ತೊಂದು ಹೊಸ ತಗ್ಗಿಗೆ ಇಳಿದ ಮೇಲಷ್ಟೇ ಇಳಿಮುಖ ಎನ್ನಬಹುದು. ಬರೀ ವಿಕ್, ಅಂದರೆ ಕ್ಯಾಂಡಲ್‌ನ ತುದಿಯ ತೆಳು ಗೆರೆ, ಕೆಳಗೆ ಚಾಚಿ ಕ್ಯಾಂಡಲ್ ಮೇಲೆ ಮುಗಿದಿದ್ದರೆ ನಾನಂತೂ ಮುರಿದಿದೆ ಎಂದು ಎಣಿಸುವುದಿಲ್ಲ.

ಶುಲ್ಕ ಕೊಡುವ ಮುನ್ನ ಚಾರ್ಟ್ ತೋರಿಸುವ ತಾಣವಾದ ಟ್ರೇಡಿಂಗ್‌ವ್ಯೂನಲ್ಲಿ, ಹಳೆಯ ದಿನವನ್ನು ಮರಳಿ ಓಡಿಸುವ ಬಾರ್ ರಿಪ್ಲೇ ತೆರೆದು, ನೀವೇ ಆರಿಸಿದ ಹಳೆಯ ದಿನವೊಂದನ್ನು ಶಿಕ್ಷಕರ ಮುಂದಿಡಿ. ಒಂದೊಂದೇ ಕ್ಯಾಂಡಲ್ ಬರುವಾಗ ಅವರು ಗುರುತು ಹಾಕಲಿ, ಹಾಕಿದ್ದನ್ನು ಅಳಿಸಬಾರದು. ಒಪ್ಪದಿದ್ದರೆ ಹಣ ಕೊಡಬೇಡಿ. ಇಂಥ ಷೇರನ್ನು ಈಗ ಮಾರಿ ಎನ್ನುವವರಾದರೆ ಸೆಬಿ ನೋಂದಣಿ ಸಂಖ್ಯೆ ಕೇಳಿ, ಅದನ್ನು ಸೆಬಿಯ ಜಾಲತಾಣದಲ್ಲಿ ನೀವೇ ಹುಡುಕಿ ನೋಡಿ.