ಮೌನವಾಗಿರುವ ಸೆನ್ಸರ್ ಸಂಪರ್ಕದಲ್ಲೇ ಇದೆಯೆಂದು ನಂಬಬೇಡಿ: ಮಲ್ಪೆಯ ಶೀತಕೋಣೆಯಲ್ಲಿ ಆದದ್ದು

ಮಲ್ಪೆಯಲ್ಲಿ ನನ್ನ ಭಾವ ಮೀನು ದಾಸ್ತಾನಿಡುವ ಒಂದು ಸಣ್ಣ ಶೀತಕೋಣೆ ನಡೆಸುತ್ತಾರೆ. ಅದಕ್ಕೆ ಸೆನ್ಸರ್ ಕೂರಿಸಿಕೊಟ್ಟವನು ನಾನು. ಆದ್ದರಿಂದ ಮುಂದೆ ಹೇಳುವ ತಪ್ಪಿನಲ್ಲಿ ದೊಡ್ಡ ಪಾಲು ನನ್ನದೇ. ಬಾಗಿಲು ತೆರೆದಾಗ, ಮುಚ್ಚಿದಾಗ ಒಂದೊಂದು ಸಂದೇಶ, ಉಷ್ಣತೆ ಮೈನಸ್ 15 ಡಿಗ್ರಿಗಿಂತ ಮೇಲೇರಿದರೆ ಒಂದೇ ಒಂದು ಎಚ್ಚರಿಕೆ. ಇವು ಎಂಕ್ಯೂಟಿಟಿ ಎಂಬ ಸಂದೇಶ ವ್ಯವಸ್ಥೆಯ ಮೂಲಕ, ನಾನು ಬಾಡಿಗೆಗೆ ಪಡೆದ ದೂರದ ಸರ್ವರಿನಲ್ಲಿರುವ ಬ್ರೋಕರಿಗೆ, ಅಂದರೆ ಸಂದೇಶಗಳನ್ನು ಪಡೆದು ಹಂಚುವ ತಂತ್ರಾಂಶಕ್ಕೆ ಹೋಗುತ್ತಿದ್ದವು.

ಮೇ ತಿಂಗಳವರೆಗೆ ತೊಂದರೆಯೇನೂ ಕಾಣಲಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲಿಂಗ್ ನಿಷೇಧವಿರುವುದರಿಂದ ಬಾಗಿಲು ತೆರೆಯುವುದೇ ಅಪರೂಪವಾಯಿತು. ಆಗ ಸೆನ್ಸರ್ 15 ನಿಮಿಷಕ್ಕೊಮ್ಮೆ ಸಂಪರ್ಕ ಕಳೆದುಕೊಂಡು ಮತ್ತೆ ಸೇರಿಕೊಳ್ಳತೊಡಗಿತು. ಮಳೆಗಾಲದ ವೋಲ್ಟೇಜ್, ಉಪ್ಪುಗಾಳಿಗೆ ತುಕ್ಕು ಹಿಡಿದ ಪಿನ್ನು, ವೈಫೈ ದುರ್ಬಲವೆಂದು ಒಂದೊಂದನ್ನೇ ದೂರಿದೆವು. ರಿಪೀಟರ್ ತಂದೆವು, ಅಡಾಪ್ಟರ್ ಬದಲಿಸಿದೆವು. ತಾನಾಗಿ ಮತ್ತೆ ಸೇರಿಕೊಳ್ಳುತ್ತದಲ್ಲ ಎಂದು ಕೊನೆಗೆ ಸುಮ್ಮನಾದೆ. ಒಂದು ರಾತ್ರಿ ಕಂಪ್ರೆಸರ್ ಟ್ರಿಪ್ ಆಯಿತು, ಎಚ್ಚರಿಕೆ ಬರಲಿಲ್ಲ, ಬೆಳಿಗ್ಗೆ ಕೋಣೆ ಮೈನಸ್ 6ರಲ್ಲಿತ್ತು. ಅಂಜಲ್ ಪೆಟ್ಟಿಗೆಗಳನ್ನು ಸಿಕ್ಕ ಬೆಲೆಗೆ ಕೊಡಬೇಕಾಯಿತು.

ಬ್ರೋಕರಿನ ಲಾಗ್ ತೆರೆದಾಗ ಪ್ರತಿ 15 ನಿಮಿಷಕ್ಕೂ ಇದೇ ಸಾಲು ಇತ್ತು:

```
Client coldroom1 already connected, closing old connection.
```

ಅಂದರೆ ಹಳೆಯ ಸಂಪರ್ಕ ಮುರಿದದ್ದು ಬ್ರೋಕರಿಗೆ ಗೊತ್ತೇ ಇರಲಿಲ್ಲ. ವೈಫೈ ದೋಷವಾಗಿದ್ದರೆ ಕಡಿತಗಳು ಹೊತ್ತುಗೊತ್ತಿಲ್ಲದೆ ಬರುತ್ತಿದ್ದವು; ಗಡಿಯಾರ ಹಿಡಿದಂತೆ ಬರುವ ಕಡಿತಕ್ಕೆ ಕಾರಣ ಯಾವುದೋ ಒಂದು ಕಾಲಮಿತಿಯೇ ಆಗಿರಬೇಕು. ಆ 15 ನಿಮಿಷ ನನ್ನದೇ ಆಗಿತ್ತು. ಸರ್ವರಿಗೆ ಹೊರೆ ಕಡಿಮೆಯಾಗಲಿ ಎಂದು ಕೀಪ್ ಅಲೈವ್ ಅವಧಿಯನ್ನು ನಾನು 900 ಸೆಕೆಂಡಿಗೆ ಏರಿಸಿದ್ದೆ. ಬೇರೆ ಸಂದೇಶ ಇಲ್ಲದಿದ್ದರೆ ಅಷ್ಟು ಹೊತ್ತು ಕಳೆದ ಮೇಲಷ್ಟೇ ಸೆನ್ಸರ್ ಒಂದು ಪಿಂಗ್ ಕಳುಹಿಸುತ್ತದೆ.

ಮನೆಯೊಳಗಿನ ಸಾಧನ ಹೊರಗಿನ ಸರ್ವರಿನೊಡನೆ ಮಾತಾಡುವಾಗ, ಒಳಗಿನ ಯಾವ ವಿಳಾಸ ಮತ್ತು ಪೋರ್ಟ್ ಹೊರಗಿನ ಯಾವುದಕ್ಕೆ ಸಂಬಂಧಿಸಿದ್ದೆಂದು ರೂಟರ್ ತನ್ನ ನ್ಯಾಟ್ ಪಟ್ಟಿಯಲ್ಲಿ ಬರೆದಿಟ್ಟುಕೊಳ್ಳುತ್ತದೆ. ಸ್ವಲ್ಪ ಹೊತ್ತು ಯಾವ ಪ್ಯಾಕೆಟ್ಟೂ ಹಾಯದಿದ್ದರೆ ಆ ನಮೂದನ್ನು ಅಳಿಸಿಬಿಡುತ್ತದೆ, ಎರಡೂ ತುದಿಗಳಿಗೆ ಅದನ್ನು ತಿಳಿಸುವುದಿಲ್ಲ. ಆ ನಂತರ ಸೆನ್ಸರ್ ಕಳುಹಿಸುವ ಮೊದಲ ಸಂದೇಶಕ್ಕೆ ದಾರಿಯಿರುವುದಿಲ್ಲ. ನಮ್ಮಲ್ಲಿ ಅದಕ್ಕೆ ಉತ್ತರವಾಗಿ ರೀಸೆಟ್ ಬಂದು, ಆಮೇಲಷ್ಟೇ ಸೆನ್ಸರ್ ಹೊಸದಾಗಿ ಸೇರಿಕೊಳ್ಳುತ್ತಿತ್ತು. ಕಳೆದುಹೋಗುವುದು ಮೌನ ಮುರಿಯುವ ಆ ಮೊದಲ ಸಂದೇಶವೇ ಎಂಬುದನ್ನು ಗಮನಿಸಿ. ನಾನು ಬಳಸಿದ ಪಬ್‌ಸಬ್‌ಕ್ಲೈಂಟ್ ಲೈಬ್ರರಿ ಕ್ಯೂಓಎಸ್ 0ರಲ್ಲಿ, ಅಂದರೆ ತಲುಪಿತೆಂಬ ಉತ್ತರಕ್ಕೆ ಕಾಯದ ರೀತಿಯಲ್ಲಿ ಮಾತ್ರ ಪ್ರಕಟಿಸುವುದರಿಂದ ಅದನ್ನು ಮರಳಿ ಕಳುಹಿಸುವ ಪ್ರಶ್ನೆಯೇ ಇರಲಿಲ್ಲ.

ಮಿತಿ ಎಷ್ಟೆಂದು ತಿಳಿಯಲು ಶೀತಕೋಣೆಯ ರೂಟರಿಗೆ ಲ್ಯಾಪ್‌ಟಾಪ್ ಜೋಡಿಸಿ ಈ ಆದೇಶ ಕೊಟ್ಟೆ. `BROKER` ಇರುವಲ್ಲಿ ನಿಮ್ಮ ಸರ್ವರಿನ ವಿಳಾಸ ಬರಬೇಕು:

```
mosquitto_sub -h BROKER -t test/nat -k 1800 -d
```

ನಾಲ್ಕು ನಿಮಿಷ ಕಾದು ಮೊಬೈಲ್ ಡೇಟಾದಿಂದ ಅದೇ ವಿಷಯಕ್ಕೆ ಸಂದೇಶ ಕಳುಹಿಸಿದೆ, ತಲುಪಿತು. ಆದೇಶವನ್ನು ನಿಲ್ಲಿಸಿ ಮತ್ತೆ ಆರಂಭಿಸಿ ಆರು ನಿಮಿಷ ಕಾದು ಕಳುಹಿಸಿದೆ, ತಲುಪಲಿಲ್ಲ. ಪ್ರತಿ ಸಲ ಹೊಸದಾಗಿಯೇ ಆರಂಭಿಸಬೇಕು, ಏಕೆಂದರೆ ತಲುಪಿದ ಸಂದೇಶವೇ ನಮೂದಿನ ಆಯಸ್ಸನ್ನು ನವೀಕರಿಸಿಬಿಡುತ್ತದೆ. ಹೀಗೆ ಕಿರಿದಾಗಿಸುತ್ತ ಹೋದಾಗ ಮಿತಿ ಐದು ನಿಮಿಷವೆಂದು ತಿಳಿಯಿತು. ಅಂದರೆ ಮೌನದ ರಾತ್ರಿಯಲ್ಲಿ ಪ್ರತಿ 15 ನಿಮಿಷಗಳ ಪೈಕಿ ಹತ್ತು ನಿಮಿಷ ನಮ್ಮ ಎಚ್ಚರಿಕೆಗೆ ದಾರಿಯೇ ಇರಲಿಲ್ಲ.

ರೂಟರಿನ ಪುಟದಲ್ಲಿ ಟಿಸಿಪಿ ಕಾಲಮಿತಿಯನ್ನು ಒಂದು ಗಂಟೆಗೆ ಏರಿಸಿದರೂ ಫಲ ಸಿಗಲಿಲ್ಲ. ರೂಟರಿನ ವ್ಯಾನ್ ವಿಳಾಸ 100.72 ಎಂದು ಆರಂಭವಾಗುತ್ತಿತ್ತು. 100.64ರಿಂದ 100.127ರವರೆಗಿನ ವಿಳಾಸಗಳು ಇಂಟರ್ನೆಟ್ ಪೂರೈಕೆದಾರರು ಹಲವು ಗ್ರಾಹಕರನ್ನು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಇರಿಸಲು ಬಳಸುವಂಥವು; ಅಲ್ಲಿ ಇನ್ನೊಂದು ನ್ಯಾಟ್ ಪಟ್ಟಿ ಇರುತ್ತದೆ, ಅದು ನಮ್ಮ ಕೈಯಲ್ಲಿಲ್ಲ. ಎರಡರಲ್ಲಿ ಯಾವುದರ ಮಿತಿ ಚಿಕ್ಕದೋ ಅದೇ ನಡೆಯುತ್ತದೆ. ನಾನು ಬೈದು ಎಸೆಯಲು ಹೊರಟಿದ್ದ ರೂಟರ್ ನಿರಪರಾಧಿ.

ಕೊನೆಗೆ ಬದಲಿಸಿದ್ದು ಒಂದೇ ಸಾಲು, ಅದೂ ಬ್ರೋಕರಿಗೆ ಸೇರುವ ಮುನ್ನ ಬರಬೇಕಾದದ್ದು:

```
client.setKeepAlive(60);
```

ಪಿಂಗ್ ಎರಡೇ ಬೈಟಿನದು. ಹೆಡರ್, ಉತ್ತರಗಳೆಲ್ಲ ಸೇರಿದರೂ ದಿನಕ್ಕೆ ಸುಮಾರು 180 ಕಿಲೋಬೈಟ್. ನಾನು ಉಳಿಸಲು ಹೊರಟಿದ್ದ ಹೊರೆ ಇಷ್ಟೇ. ಆದರೆ ಈ ಲೈಬ್ರರಿಯಲ್ಲಿ `client.loop()` ಆಗಾಗ ನಡೆಯುತ್ತಿದ್ದರೆ ಮಾತ್ರ ಪಿಂಗ್ ಹೋಗುತ್ತದೆ. ನಡುವೆ ಉದ್ದನೆಯ `delay()` ಇಟ್ಟಿದ್ದರೆ 60 ಎಂದು ಬರೆದದ್ದು ವ್ಯರ್ಥ. ಇನ್ನೊಂದು ಬದಲಾವಣೆಯನ್ನೂ ಮಾಡಿದ್ದೇನೆ: ಉಷ್ಣತೆ ಮಿತಿ ಮೀರಿದ್ದರೆ ಎಚ್ಚರಿಕೆ ಒಮ್ಮೆ ಹೋಗಿ ನಿಲ್ಲುವುದಿಲ್ಲ, ಕೋಣೆ ಮತ್ತೆ ಮೈನಸ್ 15ಕ್ಕೆ ಇಳಿಯುವವರೆಗೂ ನಿಮಿಷಕ್ಕೊಮ್ಮೆ ಹೋಗುತ್ತಲೇ ಇರುತ್ತದೆ.